ಸುಭದ್ರಾಬಾಯಿಯ ಮೈಕು ಮತ್ತು ಸಡಿಲ ಕಡ್ಡಿಯ ಛತ್ರಿ

ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರಿಗೆ ಸುಭದ್ರಾಬಾಯಿಯ ಅಂಗಡಿ. ಬೇಸಿಗೆಗೆ ಟೋಪಿ, ಚಳಿಗೆ ಸ್ವೆಟರು, ಮಳೆಗೆ ಛತ್ರಿ ಮತ್ತು ರೇನ್‌ಕೋಟು. ಅದರ ಕಟ್ಟೆಯ ಮೂಲೆಯಲ್ಲಿ ನಾನು, ರಸೂಲ, ಛತ್ರಿ ರಿಪೇರಿಯವನು. ಹದಿನಾರು ವರ್ಷದಿಂದ ಅಲ್ಲೇ ಕೂತಿದ್ದೇನೆ. ಸುಭದ್ರಾ ಅಕ್ಕ ನನ್ನಿಂದ ಬಾಡಿಗೆ ಕೇಳಿಲ್ಲ. ಅದರ ಬದಲು ದಿನಕ್ಕೆ ಹತ್ತು ಸಲ ಬೈಯುತ್ತಾಳೆ. ಬಾಡಿಗೆಯೇ ಸೋವಿ ಬೀಳುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅಕ್ಕನ ಹೆಸರು ಇಡೀ ತಾಲೂಕಿಗೆ ಗೊತ್ತಿರುವುದು ಅವಳ ಮೈಕಿನಿಂದ. ಉಳಿದ ಅಂಗಡಿಯವರು ಯಾರದೋ ಗಂಟಲಲ್ಲಿ ಒಂದು ಸಲ ರೆಕಾರ್ಡ್ ಮಾಡಿಸಿ, ಅದನ್ನೇ ಬೆಳಗಿನಿಂದ ಸಂಜೆಯ ತನಕ ತಿರುಗಿಸುತ್ತಾರೆ. ಅಕ್ಕ ಮಾತ್ರ ಮಿರಗದ, ಅಂದರೆ ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ದಿನದಿಂದ ತಾನೇ ಸ್ಟೂಲಿನ ಮೇಲೆ ಕೂತು ಮಾತಾಡುತ್ತಾಳೆ. ಎದುರಿಗೆ ಕಂಟ್ರೋಲರ್ ಬಸ್ಸಿನ ಹೆಸರು ಕೂಗುವಾಗ ಮಾತ್ರ ಮೈಕಿನ ಗುಂಡಿ ಬಂದ್. ಜನ ಬಸ್ ತಪ್ಪಿಸಿಕೊಂಡರೆ ಅವರ ಶಾಪ ಛತ್ರಿಗೆ ತಟ್ಟುತ್ತದೆ ಎನ್ನುತ್ತಾಳೆ.

“ಒಳಗ ಬರ್ರಿ, ನಿಂದರ್ರಿ. ತಗೊಳ್ಳಲಿಲ್ಲಂದ್ರೂ ನಡೀತದ. ಮಳಿ ಯಾರನ್ನೂ ಕೇಳಿ ಬಂದಿಲ್ಲ, ನೀವ್ಯಾಕ ಕೇಳ್ತೀರಿ? ರೇನ್‌ಕೋಟ ತಗೊಳ್ಳೋರು ಅಂಗಿಗಿಂತ ಒಂದು ಸೈಜ ದೊಡ್ಡದು ತಗೋರಿ, ಒಳಗ ನೀವೂ ಇರ್ತೀರಿ, ಅಂಗೀನೂ ಇರ್ತದ. ನಮ್ಮ ಛತ್ರಿ ಗಾಳಿಗೆ ಉಲ್ಟಾ ಆದ್ರ ಹೆದರಬ್ಯಾಡ್ರಿ. ಕಟ್ಟಿ ಮ್ಯಾಲ ರಸೂಲ ಕುಂತಾನ, ಅವನೂ ಉಲ್ಟಾನೇ ಅದಾನ, ಇಬ್ಬರಿಗೂ ಛಲೋ ಹೊಂದ್ತದ.”

ಜನ ನಗುತ್ತಿದ್ದರು. ಮಳೆಯ ಮೇಲೆ ಜೋಕು, ಅಂಗಡಿಯ ಮೇಲೆ ಜೋಕು, ತನ್ನ ದಪ್ಪ ಮೈಯ ಮೇಲೆ ಜೋಕು, ನನ್ನ ಮೇಲಂತೂ ದಿನಕ್ಕೆ ಎರಡು. ಆದರೆ ತೊಯ್ದು ಬಂದವರ ಮೇಲೆ ಒಂದೇ ಒಂದು ಮಾತು ಅವಳ ಬಾಯಿಂದ ಬಂದಿದ್ದನ್ನು ನಾನು ಕೇಳಿಲ್ಲ. ಅದಕ್ಕೆ ಕಾರಣವಿದೆ. ಮಗಳು ಶೈಲಶ್ರೀ ಎಂಟು ತಿಂಗಳ ಕೂಸಾಗಿದ್ದಾಗ ಅಕ್ಕ ಅದನ್ನು ದವಾಖಾನೆಗೆಂದು ಕಲಬುರಗಿಗೆ ಒಯ್ದಿದ್ದಳಂತೆ. ಅಲ್ಲಿ ನಡುಬೀದಿಯಲ್ಲಿ ಮಳೆ ಹಿಡಿದು, ಛತ್ರಿ ಕೊಳ್ಳಲು ಒಂದು ಅಂಗಡಿ ಹತ್ತಿದಳು. ಅಂಗಡಿಯವನು ಎಲ್ಲರ ಮುಂದೆ, ತಾಯಿ-ಮಗಳು ಬಟ್ಟೆ ಸಮೇತ ಜಳಕ ಮುಗಿಸಿ ಬಂದರು ನೋಡ್ರಿ ಎಂದ. ಮಂದಿ ನಕ್ಕರು. ಅಕ್ಕ ಕೈಯಲ್ಲಿದ್ದ ರೊಕ್ಕ ಕೈಯಲ್ಲೇ ಹಿಡಿದುಕೊಂಡು ಮತ್ತೆ ಮಳೆಗೇ ಇಳಿದಳು. ಕೂಸಿನ ಜ್ವರ ಏರಿತು. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಯಾವ ಅಂಗಡಿ ಇಡಲಿ ಎಂದು ಅವಳು ಬಹಳ ಯೋಚನೆ ಮಾಡಲಿಲ್ಲ.

ಈಗ ಆ ಕೂಸು ಇಪ್ಪತ್ನಾಲ್ಕರ ಹುಡುಗಿ. ಈ ವರ್ಷ ಅಕ್ಕನಿಗೆ ಇದ್ದದ್ದು ಒಂದೇ ಚಿಂತೆ, ಶೈಲಶ್ರೀಯ ಮದುವೆ. ನೆಲೋಗಿಯ ದೌಲತರಾಯರ ಮಗ ಕಲ್ಲಿನಾಥನ ಸಂಬಂಧ ತಾನಾಗಿ ಬಂದಿತ್ತು. ಒಕ್ಕಲುತನದ ಮನೆ, ಎರಡು ಜೋಡಿ ಎತ್ತು, ಒಂದು ಜೀಪು. ಇಂಥ ದೊಡ್ಡ ಮನೆಯವರು ನಮ್ಮ ಮೂರು ಖಣದ ಸಣ್ಣ ಅಂಗಡಿ ಹುಡುಕಿಕೊಂಡು ಹೇಗೆ ಬಂದರು ಎಂದು ಅಕ್ಕನಿಗೆ ಆಶ್ಚರ್ಯ. ನನಗೆ ಆಶ್ಚರ್ಯವೇನೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಕಲ್ಲಿನಾಥ ಒಂದು ಕರಿ ಛತ್ರಿ ತಗೊಂಡು ರಿಪೇರಿಗೆಂದು ನನ್ನ ಹತ್ತಿರ ಐದು ಸಲ ಬಂದಿದ್ದ. ಮೊದಲ ಸಲ ಕಡ್ಡಿ ನಿಜವಾಗಿ ಮುರಿದಿತ್ತು. ಎರಡನೇ ಸಲ ತಾನೇ ಬಗ್ಗಿಸಿಕೊಂಡು ಬಂದಿದ್ದ. ನನ್ನ ಮುಂದೆ ಛತ್ರಿ ಇಟ್ಟು, ಕಣ್ಣು ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಶೈಲಶ್ರೀಯ ಕಡೆ. ಐದನೇ ಸಲ ಮೆಲ್ಲಗೆ, “ಚಾಚಾ, ತಂತಿ ಸ್ವಲ್ಪ ಸಡಿಲ ಬಿಡ್ರಿ” ಅಂದ. ನಾನೂ ಒಂದು ಕಾಲಕ್ಕೆ ಹುಡುಗನಾಗಿದ್ದವನೇ. ಸಡಿಲ ಬಿಟ್ಟೆ. ಅಷ್ಟರಲ್ಲಿ ಅವನ ಧೈರ್ಯ ಬಲಿತು ಸಂಬಂಧವೇ ಕೇಳಿ ಕಳಿಸಿದ್ದರಿಂದ ಛತ್ರಿ ಮತ್ತೆ ರಿಪೇರಿಗೆ ಬರಲೇ ಇಲ್ಲ. ಈ ಸುದ್ದಿ ನಾನು ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವತ್ತೇ ನನ್ನ ಕಟ್ಟೆ ಖಾಲಿಯಾಗುತ್ತಿತ್ತು.

ದೌಲತರಾಯರು ಹುಡುಗಿಯ ಮನೆ ನೋಡಲು ಗುರುವಾರ ಮಧ್ಯಾಹ್ನ ಬರುತ್ತೇವೆಂದು ಹೇಳಿ ಕಳಿಸಿದರು. ಅವರ ಒಪ್ಪಿಗೆ ಒಂದೇ ಬಾಕಿ. ಅವತ್ತು ಬೆಳಗಿನಿಂದ ಜಡಿಮಳೆ, ಮೇಲೆ ಬಿರುಗಾಳಿ. ಅಕ್ಕ ಅಂಗಡಿಯ ಹಿಂದಿನ ಮನೆಯಲ್ಲಿ ಸುಸಲಾ, ಮಿರ್ಚಿ ಭಜಿ ಮಾಡಲು ಹೋಗುವ ಮುಂಚೆ ನನಗೆ ಎರಡು ಮಾತು ಹೇಳಿದಳು. ಜೀಪು ಬಂದರೆ ಕೂಗು. ಮೈಕಿಗೆ ಕೈ ಹಚ್ಚಬೇಡ.

ಮೊದಲನೆಯದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಜೀಪಿಗಾಗಿ ರಸ್ತೆ ನೋಡುತ್ತಾ ಕೂತೆ. ಆದರೆ ಮೈಕು ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು, ಎದುರಿಗೆ ಬಸ್ ಸ್ಟ್ಯಾಂಡಿನ ತುಂಬ ಜನ. ಹದಿನಾರು ವರ್ಷ ನನ್ನನ್ನು ಆಡಿಕೊಂಡ ಮೈಕು ಅದು. ನನ್ನ ಬುದ್ಧಿಗೆ ಬೆಂಕಿ ಹಾಕ, ಗುಂಡಿ ಒತ್ತಿದೆ.

ಅಷ್ಟರಲ್ಲಿ ಒಬ್ಬ ಮುದುಕ ಗೊಬ್ಬರದ ಚೀಲ ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದು ನಮ್ಮ ಅಂಗಡಿಯ ಕಡೆಗೇ ಬರುತ್ತಿದ್ದ. ಕೊಪ್ಪೆ ಅಂದರೆ ನಮ್ಮ ಕಡೆ ಹೊಲದ ರೇನ್‌ಕೋಟು: ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ದೂಡಿದರೆ ಟೊಪ್ಪಿಗೆ ಆಗುತ್ತದೆ, ಉಳಿದ ಚೀಲ ಬೆನ್ನು ಮುಚ್ಚುತ್ತದೆ. ಮುಖ ಕಾಣುತ್ತಿರಲಿಲ್ಲ. ನಾನು ಮೈಕಿನಲ್ಲಿ ಕೂಗಿದೆ, “ನೋಡ್ರಪ್ಪ, ಈ ಸಲ ಚೀಲದಾಗ ಗೊಬ್ಬರ ಬಂದಿಲ್ಲ, ಮನಷ್ಯಾನೇ ಬಂದಾನ. ಏ ಕಾಕಾ, ಒಂದು ಛತ್ರಿ ತಗೊಂಡು ಆ ಚೀಲಕ್ಕ ಬಿಡುಗಡಿ ಕೊಡು.”

ಇಡೀ ಬಸ್ ಸ್ಟ್ಯಾಂಡು ನಕ್ಕಿತು. ನನಗೆ ಎದೆ ಉಬ್ಬಿತು. ಮುದುಕ ನಮ್ಮ ಮೆಟ್ಟಿಲಿನ ಮೇಲೆ ಒಂದು ಕಾಲು ಇಟ್ಟಿದ್ದ. ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಬಂದ ದಾರಿಯಲ್ಲೇ ಮಳೆಯೊಳಗೆ ತಿರುಗಿ ಹೋದ.

ಮೈಕಿನ ದನಿ ಅಡುಗೆಮನೆಗೂ ಕೇಳುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು. ಅಕ್ಕ ಭಜಿ ಕರಿಯುವ ಜಾರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಿಂದೆಯೇ ಶೈಲಶ್ರೀ. ಮುದುಕ ಬಸ್ ಸ್ಟ್ಯಾಂಡಿನ ಸೂರು ಸೇರಿ ಕೊಪ್ಪೆ ತೆಗೆದದ್ದೂ, ಶೈಲಶ್ರೀಯ ಮುಖ ಬಿಳಿಚಿದ್ದೂ ಒಂದೇ ಸಲಕ್ಕೆ. ಕಲ್ಲಿನಾಥ ತೋರಿಸಿದ ಫೋಟೋದಲ್ಲಿ ಅವಳು ಆ ಮುಖ ನೋಡಿದ್ದಳು.

“ಅವ್ವಾ, ಅವ್ರೇ ದೌಲತರಾಯ ಕಾಕಾ,” ಅಂದಳು.

ಜೀಪು ಎಲ್ಲಿ, ಛತ್ರಿ ಹಿಡಿಯುವ ಆಳು ಎಲ್ಲಿ, ಇವರ್ಯಾಕೆ ಹೀಗೆ ಒಬ್ಬರೇ ಬಸ್ಸಿನಲ್ಲಿ ಬಂದರು? ಕೇಳುತ್ತಾ ಕೂರುವ ಹೊತ್ತಲ್ಲ. ನೆಲೋಗಿ ಬಸ್ಸು ಆಗಲೇ ಬಂದು ನಿಂತಿತ್ತು, ಅವರು ಅದರ ಬಾಗಿಲಿಗೆ ಹೊರಟಿದ್ದರು. ಓಡಿ ಹೋಗಿ ಕಾಲು ಹಿಡಿಯುತ್ತೇನೆ ಎಂದು ನಾನು ಎದ್ದೆ. ಅಕ್ಕ ಜಾರಿಯನ್ನು ಅಡ್ಡ ಹಿಡಿದಳು.

“ಕಿವ್ಯಾಗ ಹೋಗಿ ಹೇಳಿದ್ರ ಅವ್ರೊಬ್ರಿಗೇ ಕೇಳ್ತದ. ನಕ್ಕವ್ರು ನೂರು ಮಂದಿ. ಮೈಕಿನ್ಯಾಗ ಅಂದಿದಿ, ಮೈಕಿನ್ಯಾಗೇ ನುಂಗು.”

ಮೈಕು ಕೈಗೆ ತಗೊಂಡೆ. ಅದೇ ಹೊತ್ತಿಗೆ ಕಂಟ್ರೋಲರ್ ನೆಲೋಗಿ ಬಸ್ಸಿನ ಹೆಸರು ಕೂಗತೊಡಗಿದ. ಮಗಳ ಮದುವೆ ಮುಳುಗುತ್ತಿರುವಾಗಲೂ ಅಕ್ಕ ಗುಂಡಿ ಬಂದ್ ಮಾಡಿ, ಅವನು ಮುಗಿಸುವ ತನಕ ಹಲ್ಲು ಕಚ್ಚಿ ನಿಂತಳು. ಇಂಥ ಹೆಂಗಸನ್ನು ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ಆಮೇಲೆ ಗುಂಡಿ ಒತ್ತಿ ನನ್ನ ಕಡೆ ನೋಡಿದಳು.

ಈಗ ಮಾತಾಡಿದವನು ರಸೂಲ, ಅಂಗಡಿಯವರಲ್ಲ, ತಪ್ಪು ನನ್ನದು ಎಂದು ಶುರು ಮಾಡಿದೆ. ಕೊಪ್ಪೆ ಹಾಕಿಕೊಂಡವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ ಎಂದೆ. ಕೊಪ್ಪೆ ಗಾಳಿಗೆ ಉಲ್ಟಾ ಆಗುವುದಿಲ್ಲ, ಎರಡೂ ಕೈ ಖಾಲಿ ಇರುತ್ತವೆ, ರಿಪೇರಿಗೆ ಅದರಲ್ಲಿ ಕಡ್ಡಿಯೇ ಇಲ್ಲದ್ದರಿಂದ ನನ್ನ ಅನ್ನಕ್ಕೆ ಕಲ್ಲು, ಆ ಉರಿಗೇ ಹಾಗಂದೆ ಎಂದೆ. ನಾಲ್ಕು ಜನ ನಕ್ಕರು, ಈ ಸಲ ನನ್ನನ್ನು ನೋಡಿ. ದೌಲತರಾಯರು ಬಸ್ಸಿನ ಬಾಗಿಲಲ್ಲಿ ತಿರುಗಿ ನಿಂತರು, ಇಳಿಯಲಿಲ್ಲ. ಅಕ್ಕ ಮೂಲೆಯಲ್ಲಿದ್ದ ಒಂದು ಚೀಲ ನನ್ನ ಕಡೆ ಒಗೆದಳು. ಹಾಕಿಕೋ, ಎಲ್ಲರೂ ನೋಡಲಿ.

ನಾನು ಪೇಟೆಯಲ್ಲಿ ಹುಟ್ಟಿದವನು, ಕೊಪ್ಪೆ ಮಡಚಿ ಗೊತ್ತಿಲ್ಲ. ಮೈಕು ಕಟ್ಟೆಯ ಮೇಲಿಟ್ಟು, ಮೆಟ್ಟಿಲಿಳಿದು ಮಳೆಯಲ್ಲಿ ನಿಂತು ಹೇಗೋ ಮಡಚಿದೆ. ಒಮ್ಮೆ ಚೀಲ ಕುತ್ತಿಗೆಯ ತನಕ ಇಳಿದು ನನಗೆ ಕತ್ತಲೆಯಾಯಿತು, ಇನ್ನೊಮ್ಮೆ ಜಾರಿ ಕೆಸರಿಗೆ ಬಿತ್ತು. ಎತ್ತಿಕೊಂಡು ತಿರುಗಾ ಉಲ್ಟಾ ಮಡಚಿದೆ. ಐವತ್ತು ವರ್ಷ ಹೊಲ ಕಂಡ ಮನುಷ್ಯನಿಗೆ ಅವಮಾನವನ್ನಾದರೂ ತಡೆದುಕೊಳ್ಳಲಾದೀತು, ಇದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ದೌಲತರಾಯರು ಬಸ್ಸಿಳಿದು ಮಳೆಯಲ್ಲೇ ದಾಟಿ ಬಂದು ಚೀಲ ಕಸಿದುಕೊಂಡರು.

“ಹಂಗಲ್ಲೋ ಖೋಡಿ. ಈ ಮೂಲಿ ಅದರೊಳಗ ದೂಡು. ಈಗ ಹಾಕ್ಕೋ.”

ತಾವೇ ನನ್ನ ತಲೆಗೆ ಹಾಕಿದರು. ಸರಿಯಾಗಿ ಕೂತಿತು. ಅಕ್ಕ ಕೈಮುಗಿದು ಅವರನ್ನು ಮೇಲೆ ಕರೆದಳು. ಕಟ್ಟೆಯ ಮೇಲೆ ನಿಂತು ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಅಂಗಡಿಯಲ್ಲಿ ತೊಯ್ದವರನ್ನು ಯಾವಾಗಲೂ ಹೀಗೇ ಮಾತಾಡಿಸುತ್ತೀರಾ? ಉತ್ತರ ಕೊಟ್ಟವಳು ಶೈಲಶ್ರೀ. ಕಲಬುರಗಿಯ ಆ ಮಳೆ, ಆ ಅಂಗಡಿ, ಆ ಜ್ವರ, ಎಲ್ಲ ಹೇಳಿದಳು. ಅವರು ಹೆಗಲ ಚೀಲದಿಂದ ಒಂದು ಕರಿ ಛತ್ರಿ ಹೊರತೆಗೆದು ನನ್ನ ಕೈಗಿಟ್ಟರು. ಕಡ್ಡಿಗಳೆಲ್ಲ ಆಕಾಶ ನೋಡುತ್ತಿದ್ದವು. ಹಸಿರು ದಾರದ ಹೊಲಿಗೆ, ಸಡಿಲ ತಂತಿ. ನನ್ನದೇ ಕೈಕೆಲಸ. ಬಸ್ಸಿಳಿದ ಮರುಗಳಿಗೆಯೇ ಅದು ಗಾಳಿಗೆ ಉಲ್ಟಾ ಆಗಿತ್ತಂತೆ, ಬಸ್ ಸ್ಟ್ಯಾಂಡಿನ ಗೊಬ್ಬರದ ಅಂಗಡಿಯಲ್ಲಿ ಒಂದು ಚೀಲ ಕೇಳಿ ಪಡೆದಿದ್ದರಂತೆ. ನಾನು ನಕ್ಕಿದ್ದ ಚೀಲವನ್ನು ಅವರ ತಲೆಗೇರಿಸಿದವನು ನಾನೇ.

ದೌಲತರಾಯರು ಅಕ್ಕನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. “ಈ ಛತ್ರಿ ರಿಪೇರಿ ಅಂತ ನನ್ನ ಮಗ ಐದು ಸಲ ಜೇವರ್ಗಿಗೆ ಬಂದಾನ್ರಿ. ಒಂದು ಕಡ್ಡಿಗೆ ಐದು ಸಲನಾ? ಇದರಾಗ ಏನೋ ಅದ ಅಂತ ಜೀಪ್ ಬಿಟ್ಟು ಗಿರಾಕಿಯಾಗಿ ನೋಡಾಕ ಬಂದೆ. ಈಗ ತಿಳೀತು ಬಿಡ್ರಿ. ಹುಡುಗಿಗೆ ಮನಸ್ಸಿದ್ರ ನಮ್ಮದೇನೂ ತಕರಾರಿಲ್ಲ.”

ಮೈಕಿನ ಗುಂಡಿಯನ್ನು ಯಾರೂ ಬಂದ್ ಮಾಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದವರು, ನೆಲೋಗಿ ಬಸ್ಸಿನ ಕಿಟಕಿಗಳಲ್ಲಿದ್ದವರು, ಕಂಟ್ರೋಲರು, ಎಲ್ಲರೂ ಕೇಳಿಸಿಕೊಂಡು ನಮ್ಮ ಕಡೆಗೇ ನೋಡುತ್ತಿದ್ದರು. ಶೈಲಶ್ರೀ ನೇತುಹಾಕಿದ್ದ ರೇನ್‌ಕೋಟುಗಳ ಹಿಂದೆ ಸರಿದು ನಿಂತಳು. ಎರಡು ಪಾದ ಮಾತ್ರ ಕಾಣುತ್ತಿದ್ದವು. ಬಸ್ಸಿನೊಳಗಿಂದ ಯಾವಳೋ ಮುದುಕಿ, ಮನಸ್ಸದ ಏನವ್ವ, ಬಸ್ ಹೊಂಟದ ಲಗೂ ಹೇಳು ಎಂದು ಕೂಗಿದಳು. ರೇನ್‌ಕೋಟುಗಳ ಹಿಂದಿನಿಂದ “ಹೂಂ” ಎಂದು ಕೇಳಿತು. ಸಣ್ಣ ದನಿಯಾದರೂ ಮೈಕು ಅದನ್ನೂ ಬಿಡಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಗುಂಡಿ ಬಂದ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, ಐದು ಸಲದ ಲೆಕ್ಕವನ್ನು ಭಜಿ ತಿಂದಾದ ಮೇಲೆ ನನಗೆ ಕೊಡು ಎಂದಳು. ನಾನು ಕೊಪ್ಪೆ ತೆಗೆಯದೆ ಹಾಗೇ ಕೂತು, ಛತ್ರಿಯ ತಂತಿಯನ್ನು ಈ ಸಲ ಗಟ್ಟಿಯಾಗಿ ಕಟ್ಟಿದೆ.