ಹಗೇವಿನ ಬಾಯಲ್ಲಿ ತಲೆ ವಾಲಿಸಿದ ನಾಯಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಬೇರೆ ಏನೋ ಬರೆದು ಎದ್ದಿದ್ದೇನೆ. ಬಿತ್ತನೆ ಮುಗಿಯಲಿ, ಮೊಮ್ಮಗಳ ಮದುವೆ ಕಳೆಯಲಿ ಅಂದುಕೊಳ್ಳುತ್ತ ಮುಂದಕ್ಕೆ ಹಾಕಿದೆ. ಈಗ ಹಾಗೆ ಅಂದುಕೊಳ್ಳಲು ಯಾವ ನೆಪವೂ ಉಳಿದಿಲ್ಲ. ಐಗಳ ಮಠದಲ್ಲಿ ಮರಳಿನ ಮೇಲೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅಷ್ಟು ಸಾಕು.

ನಮ್ಮೂರು ನಾಗಮಂಗಲಕ್ಕೂ ಮೇಲುಕೋಟೆ ಬೆಟ್ಟಕ್ಕೂ ನಡುವೆ. ಸುಲ್ತಾನರ ಪಟ್ಟಣದ ಕೋಟೆಯ ಮೇಲೆ ಹೊರಗಿನ ದಂಡುಗಳು ಮೊದಲ ಸಲ ಬಂದ ಕಾಲದಲ್ಲಿ ನನಗೆ ಮೀಸೆ ಗಟ್ಟಿಯಾಗಿತ್ತು, ಮದುವೆಯಾಗಿರಲಿಲ್ಲ. ನಮ್ಮ ಹಟ್ಟಿಯ ಹಿಂದೆ ದನ ಕಟ್ಟುವ ಬಯಲಿನಲ್ಲಿ ಎರಡು ಹಗೇವು ಇದ್ದವು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿಗೆ ನಮ್ಮ ಕಡೆ ಹಗೇವು ಅನ್ನುತ್ತೇವೆ. ಕೆಳಗೆ ಗುಡಾಣದ ಹಾಗೆ ಹೊಟ್ಟೆ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಅದರ ಮೇಲೆ ಕಲ್ಲುಚಪ್ಪಡಿ. ಹಗೇವಿಗೆ ಯಾರೂ ಸುಮ್ಮನೆ ಇಳಿಯುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇಲ್ಲ. ಕೂಸುಗಳಿಗೂ ಗೊತ್ತಿದ್ದ ಮಾತು ಇದು.

ಊರಿನ ಅಂಚಿನಲ್ಲಿ ಒಬ್ಬ ಕುರುಬ ಇದ್ದ. ನನಗಿಂತ ಹತ್ತಾರು ವರ್ಷ ದೊಡ್ಡವನು, ಅಣ್ಣ ಅನ್ನುತ್ತಿದ್ದೆ. ಅವನ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದೆ. ಅವರ ಪಾಲಿನ ರಾಗಿಯೂ ನಮ್ಮ ಹಗೇವಿನಲ್ಲೇ ಇರುತ್ತಿತ್ತು. ಮಕ್ಕಳಿರಲಿಲ್ಲ, ಒಂದು ಕೆಂದು ನಾಯಿ ಇತ್ತು. ಮಾತು ಕೇಳಿದರೆ ತಲೆಯನ್ನು ಬಲಕ್ಕೆ ವಾಲಿಸುತ್ತಿತ್ತು. ಯಾವಾಗಲೂ ಬಲಕ್ಕೇ, ಎಡಕ್ಕೆ ವಾಲಿಸಿದ್ದನ್ನು ನಾನು ಕಾಣೆ.

"ಅದ್ಯಾಕಣ್ಣ ಇದು ಕತ್ತು ಉಳುಕಿದಂಗೆ ನಿಂತ್ಕತದೆ?" ಎಂದು ಒಮ್ಮೆ ಕೇಳಿದೆ.

"ಉಳುಕಲ್ಲ ಕಣ್ಲಾ. ಸುಮ್ನೆ ಇರೋವಾಗ್ಲೂ ಅಂಗೇ ವಾಲ್ಕೊಂಡು, ಕಾಲು ತೊಡರಿ ಬಿದ್ರೆ ಅದು ಕಿವಿ ರೋಗ. ಇದು ಕೇಳೋದು," ಎಂದ. "ನಿನ್ನ ಮುಷ್ಟಿ ಮೂಗಿನ ಮೇಲೆ ಇಟ್ಕೊಂಡು ನನ್ನ ನೋಡು."

ಇಟ್ಟುಕೊಂಡೆ. ಅವನ ಗಡ್ಡ, ಬಾಯಿ ಎರಡೂ ಮರೆಯಾದವು.

"ಈಗ ಕತ್ತು ವಾಲಿಸು. ಕಾಣ್ತದಾ? ಅದರ ಮೂತಿ ಉದ್ದ, ನನ್ನ ಬಾಯಿ ಅಡ್ಡ ಆಯ್ತದೆ. ಅದ್ಕೆ ಒಂದೀಟು ವಾಲಿಸ್ತದೆ. ಇನ್ನೊಂದು, ಒಂದು ಕಿವಿ ಮೇಲೆ ಒಂದು ಕೆಳಗೆ ಆದ್ರೆ ಸದ್ದು ಮರದ ಮೇಲಿಂದೋ ನೆಲದಿಂದೋ ತಿಳೀತದೆ ಅನ್ಸ್ತದೆ. ನಾನೇನು ಅದರ ತಲೆಯೊಳಗೆ ಕುಂತಿವ್ನಾ?"

"ನೀನು ಕುಂತಿದ್ರೆ ಅದಕ್ಕೆ ಈ ಬುದ್ಧಿ ಎಲ್ಲಿಂದ ಬರ್ತಿತ್ತು" ಎಂದು ಒಳಗಿಂದ ಅಕ್ಕ ಅಂದಳು.

ಅವನು ನಕ್ಕು ಆಟ ತೋರಿಸಿದ. ಸುಮ್ಮನೆ ಮಳೆ, ಬೆಳೆ ಎಂದು ಮಾತಾಡಿದ, ನಾಯಿ ಆಕಳಿಸಿತು. ನಡುವೆ "ಬುತ್ತಿ" ಎಂದ, ತಲೆ ವಾಲಿತು. "ತೋಳ" ಎಂದ, ವಾಲಿತು. ಗೊತ್ತಿರುವ ಮಾತು ಬಂದಾಗ ಅದರ ಅರ್ಥ ಹುಡುಕುವ ಹಾಗೆ ನಿಲ್ಲುತ್ತಿತ್ತು. ಬಾಯಲ್ಲಿ ಎಲೆ ಇಟ್ಟು ವಿಚಿತ್ರವಾಗಿ ಕೀರಿದರೆ, ಇದೇನೆಂದು ತಿಳಿಯದೆ ಮತ್ತೆ ಮತ್ತೆ ವಾಲಿಸುತ್ತಿತ್ತು. ಆಗ ನಾವು ನಕ್ಕು ತಲೆ ಸವರುತ್ತಿದ್ದೆವು. ಸವರಿಸಿಕೊಳ್ಳುವ ಆಸೆಗೂ ಅದು ಹಾಗೆ ಮಾಡುತ್ತಿದ್ದಿರಬಹುದು.

ಅಕ್ಕ ಗಂಡನ ಹೆಸರು ಹೇಳುವವಳಲ್ಲ. ನಮ್ಮಲ್ಲಿ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಆದ್ದರಿಂದ ಆ ಮನೆಯಲ್ಲಿ ನಾಯಿಗೆ ಅವನು 'ನಿಮ್ಮಯ್ಯ'. "ನಿಮ್ಮಯ್ಯ ಎಲ್ಲವ್ನೆ?" ಎಂದು ಅವಳು ಕೇಳಿದರೆ, ನಾಯಿ ತಲೆ ವಾಲಿಸಿ, ಆಮೇಲೆ ಕುರಿ ಹೋದ ದಿಕ್ಕಿಗೆ ನೋಡುತ್ತಿತ್ತು.

ಹಿರೋಡೆ ಕಡೆಯಿಂದ ಆ ದಂಡಿನ ಕುದುರೆಯವರು ಮೇವು, ಧಾನ್ಯ ಹುಡುಕುತ್ತ ಬರುತ್ತಿದ್ದಾರೆ ಎಂದು ಸುದ್ದಿ ಬಂದಾಗ ಊರು ಬೆಟ್ಟ ಹತ್ತಿತು. ಅಕ್ಕ ಕುರಿ ಹೊಡೆದುಕೊಂಡು ಹೋದಳು. ನಾನು ಉಳಿದೆ, ಹಾಸಿಗೆ ಹಿಡಿದ ತಾಯಿಯನ್ನು ಹೊತ್ತು ಬೆಟ್ಟ ಹತ್ತುವಂತಿರಲಿಲ್ಲ. ಅಣ್ಣನೂ ಉಳಿದ. ಹಿಂದಿನ ದಿನ ಬಂಡೆಯ ಮೇಲೆ ಜಾರಿ ಅವನ ಕಾಲು ಕುಂಬಳಕಾಯಿಯಂತೆ ಊದಿತ್ತು. ನಾಯಿ ಅವನನ್ನು ಬಿಟ್ಟು ಹೋಗಲಿಲ್ಲ.

ಕುದುರೆಯವರಿಗೆ ಕುರುಬರೆಂದರೆ ಬೇಕಾದವರು, ಕಾಡಿನ ದಾರಿ ಬಲ್ಲವರು. ದಾರಿ ತೋರಿಸಲು ಹಿಡಿದೊಯ್ಯುತ್ತಿದ್ದರು, ನಡೆಯಲಾಗದವನನ್ನು ಜೀವಸಹಿತ ಬಿಡುತ್ತಿರಲಿಲ್ಲ. ನಮ್ಮ ಹಗೇವುಗಳಲ್ಲಿ ಒಂದು ತುಂಬಿತ್ತು. ಇನ್ನೊಂದನ್ನು ಆಗಷ್ಟೇ ಬರಿದು ಮಾಡಿದ್ದೆವು, ತಳದಲ್ಲಿ ಮುಗ್ಗು ಹಿಡಿದ ರಾಗಿ ಸ್ವಲ್ಪ ಉಳಿದಿತ್ತು. ದೀಪ ಇಳಿಸಿದೆ, ಉರಿಯಿತು. ಅಣ್ಣ ಇಳಿದ.

"ಪೂರಾ ಮುಚ್ಚಬ್ಯಾಡ ಕಣ್ಲಾ, ಉಸ್ರಿಗೆ ಒಂದೀಟು ಸಂದಿ ಬುಡು" ಎಂದ.

ಚಪ್ಪಡಿ ಎಳೆದು, ಒಂದು ಕಡೆ ಕೈ ತೂರುವಷ್ಟು ಸಂದಿ ಬಿಟ್ಟು, ಸಂದಿಯ ಮೇಲೆ ತೆಳ್ಳಗೆ ಹುಲ್ಲು, ಉಳಿದ ಕಡೆ ತಿಪ್ಪೆ ಹರಡಿದೆ.

ಕುದುರೆಯವರು ಬೆಳಿಗ್ಗೆಯೇ ಬಂದರು. ಮುಂದೆ ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ನಮ್ಮ ದನದ ಬಯಲಿನಲ್ಲೇ ಕುದುರೆ ಕಟ್ಟಿ ಒಲೆ ಹೂಡಿದರು. ಇಬ್ಬರು ಕಬ್ಬಿಣದ ಸಲಾಕೆ ಹಿಡಿದು ಅಲ್ಲಲ್ಲಿ ನೆಲ ಚುಚ್ಚುತ್ತ ಹೊರಟರು, ಎಲ್ಲಿ ಟೊಳ್ಳು ಸಿಗುತ್ತದೆ ಎಂದು.

ನಾಯಿ ತಿಪ್ಪೆಯ ಹತ್ತಿರ ನಿಂತಿತ್ತು. ಒಳಗೆ ಅಣ್ಣ ಕೆಮ್ಮಿದನೋ, ಗೊಣಗಿದನೋ. ನನಗೆ ಕೇಳಲಿಲ್ಲ. ನಾಯಿಗೆ ಕೇಳಿತು. ಒಮ್ಮೆ ತಲೆ ವಾಲಿಸಿ, ಬಾಲ ಅಲ್ಲಾಡಿಸಿತು.

ಸಲಾಕೆಯವನೊಬ್ಬ ಅದನ್ನು ಕಂಡ. ಮಲಪ್ರಭೆಯ ಕಡೆಯ ಮಾತು ಅವನದು. "ಏನೋ ತಮ್ಮಾ, ನಿನ್ನ ನಾಯಿ ನೆಲದ ಕೂಡ ಮಾತಾಡಾಕ ಹತ್ತೈತಲ್ಲ?"

"ಇಲಿ ಕಣ್ರಪ್ಪ. ತಿಪ್ಪೇಲಿ ಇಲಿ ಸೇರ್ಕೊಂಡವೆ" ಎಂದೆ.

"ನಮ್ಮ ಮನಿ ನಾಯೀನೂ ಹಿಂಗ ಮಾಡತೈತಿ. ಮನಿ ಬಿಟ್ಟು ಬಂದು ವರ್ಸಾತು, ಇದ್ದರ ಮಾಡತೈತಿ" ಎಂದು ನಕ್ಕು ಅತ್ತ ಹೋದ.

ಅವನು ಬೆನ್ನು ತಿರುಗಿಸಿದ ಕೂಡಲೇ ನಾನು ಸಗಣಿಯ ಮಂಕರಿ ತಂದೆ. ದನದ ಕೆಲಸ ಮಾಡುವವನ ಹಾಗೆ ತಿಪ್ಪೆಗೆ ಸುರಿಯುತ್ತ, ಹಸಿ ಸಗಣಿಯನ್ನು ಆ ಸಂದಿಗೆ ಒತ್ತಿದೆ. ದನಿ ಹೊರಗೆ ಬರದಿದ್ದರೆ ನಾಯಿ ಸುಮ್ಮನಾದೀತು, ಹೊತ್ತು ಇಳಿದಾಗ ತೆಗೆದರಾಯಿತು ಎಂಬುದು ಲೆಕ್ಕ. ಅವನನ್ನು ಉಳಿಸಲಿಕ್ಕೆ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಒಂದು ಹಗೇವು ಸಿಕ್ಕರೆ ಪಕ್ಕದ್ದೂ ಸಿಗುತ್ತದೆ. ಸಂದಿಗೆ ಕೈ ಒತ್ತುವಾಗ ನನ್ನ ಮನಸ್ಸಿನಲ್ಲಿದ್ದದ್ದು ರಾಗಿ.

ನಾಯಿ ಸುಮ್ಮನಾಗಲಿಲ್ಲ. ಮುಂಚೆ ಕೇಳುತ್ತಿದ್ದುದು ಯಜಮಾನನ ದನಿ, ಗುರುತಿನದು. ಈಗ ಸಗಣಿ, ಕಲ್ಲು, ಮಣ್ಣಿನ ಮೂಲಕ ಏನೋ ಮಂಕಾದ ಸದ್ದು ಬರುತ್ತಿದ್ದಿರಬೇಕು. ಎಲೆ ಕೀರಿದಾಗ ಮಾಡುತ್ತಿದ್ದ ಹಾಗೆ ಮತ್ತೆ ಮತ್ತೆ ವಾಲಿಸಿತು. ಸುತ್ತು ಬಂತು, ನಿಂತಿತು, ವಾಲಿಸಿತು. ನನ್ನ ಮುಖ ನೋಡಿತು. ಬೈದು ಓಡಿಸಿದೆ, ಬಂತು. ಇನ್ನೂ ಎರಡು ಮಂಕರಿ ಸಗಣಿ ಸುರಿದೆ. ಒಳಗಿನವನು ಕರೆಯುತ್ತಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ ಅಂದರೆ ನಂಬಬೇಡಿ. ಹೊಳೆಯಿತು. ಈಗ ಆಗುವುದಿಲ್ಲ ಅಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ನಾಯಿ ತಲೆ ವಾಲಿಸುವುದನ್ನು ನಿಲ್ಲಿಸಿತು. ತಿಪ್ಪೆಯ ಮೇಲೆ ಮಲಗಿ, ಗದ್ದವನ್ನು ಮುಂಗಾಲಿನ ಮೇಲೆ ನೆಟ್ಟಗೆ ಇಟ್ಟುಕೊಂಡಿತು. ನನಗೆ ಎದೆಯ ಭಾರ ಇಳಿಯಿತು. ಸದ್ಯ, ಅಣ್ಣನಿಗೆ ಬುದ್ಧಿ ಬಂತು, ಬಾಯಿ ಮುಚ್ಚಿಕೊಂಡ, ಅಂದುಕೊಂಡೆ. ತಾಯಿಗೆ ಅಂಬಲಿ ಕುಡಿಸಿ ನಾನೂ ಉಂಡೆ.

ಕುದುರೆಗಳು ಮರುದಿನ ಹೋದವು. ಚಪ್ಪಡಿ ಸರಿಸಿ ಕರೆದೆ. ಉತ್ತರ ಬರಲಿಲ್ಲ. ದೀಪ ಇಳಿಸಿದೆ. ಬಾಯಿಂದ ಒಂದು ಮೊಳ ಇಳಿಯುವಷ್ಟರಲ್ಲಿ ನಂದಿತು. ಹಚ್ಚಿ ಮತ್ತೆ ಇಳಿಸಿದೆ. ನಂದಿತು.

ಚಪ್ಪಡಿ ಎಳೆದು ತಿಪ್ಪೆ ಹಾಕಿದೆ. ಅದೇ ಅವನಿಗೆ ಮಣ್ಣಾಯಿತು.

ಬೆಟ್ಟ ಇಳಿದು ಬಂದವಳು ನನ್ನನ್ನೇ ಮೊದಲು ಕೇಳಿದಳು. "ದಾರಿ ತೋರ್ಸೋಕೆ ಕರ್ಕೊಂಡೋದ್ರು ಅಕ್ಕ" ಎಂದೆ. "ಆ ಕಾಲಲ್ಲಾ?" ಎಂದಳು. "ಕುದುರೆ ಮೇಲೆ ಕೂರಿಸ್ಕೊಂಡ್ರು" ಎಂದೆ. ನಾಯಿಯನ್ನು ತಿಪ್ಪೆಯಿಂದ ಎಳೆದು ಹಗ್ಗ ಕಟ್ಟಿ ಅವಳ ಕೈಗೆ ಕೊಟ್ಟೆ. ಬಿಚ್ಚಿದಾಗಲೆಲ್ಲ ಅದು ನಮ್ಮ ಬಯಲಿಗೇ ಬರುತ್ತಿತ್ತು. "ನಿಮ್ಮ ರಾಗಿ ರುಚಿ ಕಂಡದೆ" ಎನ್ನುತ್ತಿದ್ದಳು ಅವಳು.

ಗಂಡನಿಲ್ಲದವಳು ಮತ್ತೊಬ್ಬನ ಕೈ ಹಿಡಿಯುವ ಕೂಡಿಕೆ ಅವರಲ್ಲಿ ಉಂಟು. ಮೈದುನನೇ ಕೇಳಿದ. ಅವಳು ಒಪ್ಪಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು ನಾಯಿಗೆ, "ನಿಮ್ಮಯ್ಯ ಎಲ್ಲವ್ನೆ?" ಎಂದಳು. ನಾಯಿ ತಲೆ ವಾಲಿಸಿತು.

"ನೋಡ್ದಾ ತಮ್ಮಾ? ಅದ್ಕೆ ಕೇಳಿಸ್ತದೆ. ನಮ್ಗೆ ಕೇಳಲ್ಲ ಅಷ್ಟೇಯ. ಎಲ್ಲೋ ಬದುಕವ್ನೆ."

ಆ ತಲೆ ವಾಲಿದ್ದು ಅವಳ ಬಾಯಿಂದ ಬಂದ ಒಂದು ಗುರುತಿನ ಮಾತಿಗೆ, ಬುತ್ತಿ ಎಂದರೂ ಹಾಗೇ ವಾಲುತ್ತಿತ್ತು. ನನಗೆ ಗೊತ್ತಿತ್ತು. "ಹೂಂ ಅಕ್ಕ" ಎಂದೆ.

ಪಟ್ಟಣ ಕೊನೆಗೆ ಬಿದ್ದು ಸುಲ್ತಾನರು ಮಡಿದ ಮೇಲೆ, ಎಲ್ಲೆಲ್ಲೋ ಸಿಕ್ಕಿಬಿದ್ದಿದ್ದವರು ಒಬ್ಬೊಬ್ಬರಾಗಿ ಊರು ಸೇರಿದರು. ಅವಳು ಎಲ್ಲರನ್ನೂ ಕೇಳಿದಳು. ಆ ಹೊತ್ತಿಗೆ ನಾಯಿ ಮುದಿಯಾಗಿತ್ತು, ಹಿಂದಿನಿಂದ ಗಾಡಿ ಬಂದರೂ ತಿರುಗುತ್ತಿರಲಿಲ್ಲ. ಅದಕ್ಕೆ ಕಿವಿ ಹೋಗಿತ್ತು. ಊರಿಗೆಲ್ಲ ಕಾಣುತ್ತಿತ್ತು, ಅವಳೊಬ್ಬಳಿಗೆ ಕಾಣಲಿಲ್ಲ, ಅಥವಾ ಕಾಣುವುದು ಅವಳಿಗೆ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದಳು, ನಾಯಿಯೂ ಬಂತು. "ನಿಮ್ಮಯ್ಯ ಎಲ್ಲವ್ನೆ?" ಎಂದಳು. ನಾಯಿ ನೊಣ ನೋಡುತ್ತ ಕೂತಿತ್ತು. ಜೋರಾಗಿ ಕೇಳಿದಳು. ಬಗ್ಗಿ ಕಿವಿಯ ಹತ್ತಿರ ಕೇಳಿದಳು. ತಲೆ ನೆಟ್ಟಗೇ ಇತ್ತು.

"ಮುಗೀತು ಕಣಪ್ಪ" ಎಂದಳು. "ನಿಮ್ಮಣ್ಣ ಈಗ ಹೋಗ್ಬುಟ್ಟ."

ನಮ್ಮ ಜಗಲಿಯ ಕಲ್ಲಿಗೇ ಕೈ ಹೊಡೆದು ಬಳೆ ಒಡೆದುಕೊಂಡಳು. ಅಲ್ಲಿಂದ ಆ ಹಗೇವು ಕೂಗಿದರೆ ಕೇಳುವಷ್ಟು ದೂರ. ನಾಯಿಗೆ ಕಿವುಡು ಎಂದಾದರೂ ಹೇಳಬಹುದಿತ್ತು, ಅವನು ಎಲ್ಲಿದ್ದಾನೆ ಎಂದಾದರೂ ಹೇಳಬಹುದಿತ್ತು. ಅವಳ ಕೈಯ ರಕ್ತ ಒರೆಸಲು ಬಟ್ಟೆ ತಂದುಕೊಟ್ಟೆ, ಅಷ್ಟೇ. ಆ ಬಟ್ಟೆಯನ್ನು ಒಗೆದು, ಮಡಿಸಿ, ಮಾರನೆಯ ದಿನ ವಾಪಸು ತಂದುಕೊಟ್ಟಳು.

ಆಮೇಲೆ ಬಹಳ ವರ್ಷ ಬದುಕಿದ್ದಳು. ದಿನವೂ ಎದುರಾಗುತ್ತಿದ್ದಳು, ನನ್ನನ್ನು ತಮ್ಮಾ ಎನ್ನುತ್ತಿದ್ದಳು. ನಾನು ತಪ್ಪಾಯಿತು ಎಂದು ಕಾಲು ಹಿಡಿಯಬೇಕಾಗಿದ್ದವಳು ಅವಳೊಬ್ಬಳೇ, ಕುರುಬರ ಮನೆಯ ನನ್ನ ಅಕ್ಕ.