ಹಳದಿ ಪಟ್ಟಿಯೊಳಗಿನ ಚುಕ್ಕೆ

ಮೊದಲೇ ಹೇಳಿಬಿಡುತ್ತೇನೆ: ಆ ದಿನದ ಬೆಳಕು, ಬಾಗಿಲಿನ ಬಣ್ಣ ಯಾವುದೂ ನನಗೆ ನೆನಪಿಲ್ಲ. ಬರೆಯಹೊರಟರೆ ನೆನಪು ತಾನಾಗಿ ಒಂದು ಮಂಜಿನ ಬೆಳಗನ್ನು ತಂದು ಕೂರಿಸುತ್ತದೆ. ಬೇಡ. ನೆನಪಿರುವುದು ತಕ್ಕಡಿಯ ಅಂಕಿಗಳು, ಅಲ್ಲಿ ಆಡಿದ ಮಾತುಗಳು ಮಾತ್ರ, ಅವನ್ನು ಬರೆದಿಟ್ಟುಕೊಂಡಿದ್ದೆ.

ತೂಕ ಕಡಿಮೆಯಿರುವ ಮಕ್ಕಳ ತಾಯಂದಿರಿಗೆ ಬೆಳವಣಿಗೆ ಪಟ್ಟಿಯನ್ನು ವಿವರಿಸಲು ಅಂಗನವಾಡಿ ಕಾರ್ಯಕರ್ತೆಯರು ಏನು ಹೇಳಬೇಕು, ಆ ಮಾತುಗಳನ್ನು ಬರೆದುಕೊಡುವ ಕೆಲಸ ನನ್ನದಾಗಿತ್ತು. ಬರೆದೆ. ಕೆಂಗಲ್ ದಾಟಿ ಚನ್ನಪಟ್ಟಣದ ಕಡೆಗಿನ ಒಂದು ಹಳ್ಳಿಯಲ್ಲಿ, ಕೆಲಸ ಕೊಟ್ಟವರು ಅದನ್ನು ಓದಿಸಿ ನೋಡಿದರು. ಹದಿನಾರು ತಿಂಗಳ ಹೆಣ್ಣುಮಗು, ಏಳು ಕೆಜಿ ನಾನೂರು ಗ್ರಾಂ, ಚುಕ್ಕೆ ಹಳದಿ ಪಟ್ಟಿಯಲ್ಲಿ. ಸರಿಯಾದ ತೂಕದ ಹಸಿರಿನ ಕೆಳಗೆ, ತೀರಾ ಕಡಿಮೆ ತೂಕದ ಕಿತ್ತಳೆಯ ಮೇಲೆ. ಅಲ್ಲಿನ ಕಾರ್ಯಕರ್ತೆ ನನ್ನ ಮೊದಲ ಸಾಲನ್ನು ನೆರೆದ ತಾಯಂದಿರೆಲ್ಲರ ಮುಂದೆ ಗಟ್ಟಿಯಾಗಿ ಓದಿದರು: 'ನಿಮ್ಮ ಮಗುವಿನ ಚುಕ್ಕೆ ಕೆಳಗಿದೆ, ಅದನ್ನು ಮೇಲೆ ತರುವುದು ನಿಮ್ಮ ಜವಾಬ್ದಾರಿ.'

ಮುಂದಿನ ತಿಂಗಳು ಫಲಿತಾಂಶ ನೋಡಲು ನಾನೇ ಹೋದೆ. ಏಳು ಕೆಜಿ ಎಂಟುನೂರು! ಒಂದೇ ತಿಂಗಳಲ್ಲಿ ನಾನೂರು ಗ್ರಾಂ. ನನ್ನ ಸಾಲು ಮಗುವಿಗೆ ಮಾಂಸ ತುಂಬಿಸಿತು ಎಂದು ಕುಣಿಯುವುದೊಂದು ಬಾಕಿ. ಕಾರ್ಯಕರ್ತೆ ಪೆನ್ಸಿಲು ಎತ್ತಿದವರು ನಿಲ್ಲಿಸಿದರು.

"ಒಸಿ ತಡೀರಿ. ಮಗೀನ ಸ್ವೆಟರ್ ಬಿಚ್ಚವ್ವಾ," ಎಂದರು ತಾಯಿಗೆ.

"ಶೀತ ಆಯ್ತದೆ ಟೀಚರೇ."

"ಒಂದು ನಿಮಿಷ ಕಣವ್ವ, ನಿನ್ ಕೂಸೇನ್ ಕರಗೋಗಲ್ಲ."

ಸ್ವೆಟರಿನ ಕೆಳಗೆ ಎರಡು ಅಂಗಿ. ಅದರ ಕೆಳಗೆ ಬೆಳ್ಳಿ ಉಡಿದಾರ, ಕಾಲಿಗೆ ಗೆಜ್ಜೆ, ಕೈಗೆ ಕಡಗ. ಬಾಗಿಲಲ್ಲಿ ಕೂತಿದ್ದ ಮಗುವಿನ ಅಜ್ಜಿ ನಕ್ಕುಬಿಟ್ಟರು.

"ಬೆಳಗ್ಗೆಯಿಂದ ಪೆಟ್ಟಿಗೆ ಖಾಲಿ ಮಾಡವ್ಳೆ. ಯಾವ ಹಬ್ಬ ಬಂತಪ್ಪಾ ಅಂದ್ಕಂಡೆ. ಹೊರಡೋವಾಗ ಒಂದು ಚೊಂಬು ನೀರೂ ಕುಡಿಸೋಕೋದ್ಲು, ಕೂಸು ಉಗುಳ್ಬುಡ್ತು."

"ನೀವು ಸುಮ್ಕಿರಿ ಅತ್ತೆ."

ಎಲ್ಲ ಬಿಚ್ಚಿ ಮತ್ತೆ ತೂಗಿದರು. ಏಳು ಕೆಜಿ ನಾನೂರು. ಒಂದು ಗ್ರಾಮೂ ಏರಿರಲಿಲ್ಲ. ವಯಸ್ಸು ಒಂದು ತಿಂಗಳು ಮುಂದೆ ಹೋಗಿತ್ತು, ತೂಕ ನಿಂತಲ್ಲೇ ನಿಂತಿತ್ತು. ಇನ್ನೂ ಮೂರು ತಿಂಗಳು ಹೀಗೇ ನಿಂತರೆ ಚುಕ್ಕೆ ಕಿತ್ತಳೆಗೆ ಬೀಳುತ್ತದೆ. ಬೆಳ್ಳಿ ಸೇರಿದ ತೂಕವನ್ನೇ ಪಟ್ಟಿಯಲ್ಲಿ ಗುರುತಿಸಿಬಿಟ್ಟಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಆ ಸಾಲು ನನ್ನದೆಂದು ತಿಳಿದಿದ್ದ ತಾಯಿ ನನ್ನ ಕಡೆ ತಿರುಗಿದಳು. "ಎಲ್ಲಾರ ಮುಂದೆ ಕೆಳಗೈತೆ ಅಂದ್ರಿ. ನಾನೇ ಫೇಲಾದಂಗೆ. ಇನ್ನೇನ್ ಮಾಡ್ಲಿ?"

ಅವಳು ಹೇಳಿದ್ದು ಸರಿ. ನಾನು ಬರೆದದ್ದು ಅಂಕಪಟ್ಟಿ. ಬಟ್ಟೆ, ಒಡವೆ ತೆಗೆದು ತೂಗಬೇಕೆಂಬ ಮಾತು ಕೂಡ ಅದರಲ್ಲಿರಲಿಲ್ಲ.

ಕಾರ್ಯಕರ್ತೆ ನನ್ನ ಹಾಳೆಯನ್ನು ಮಗುಚಿ ಪಕ್ಕಕ್ಕಿಟ್ಟರು. ಮಿಕ್ಕವರನ್ನು ಹೊರಗೆ ಕಳಿಸಿ ಚಾಪೆಯ ಮೇಲೆ ಪಟ್ಟಿ ಹರಡಿ, ತಾಯಿಯ ಬೆರಳು ಹಿಡಿದರು. "ಅಡ್ಡಕ್ಕೆ ತಿಂಗಳು. ಹದಿನೇಳಕ್ಕೆ ಬಾ. ಉದ್ದಕ್ಕೆ ಕೆಜಿ. ಮೇಲಕ್ಕೋಗು, ಏಳೂ ನಾನೂರು. ಅಲ್ಲೇ ಚುಕ್ಕೆ ಇಡು. ಈಗ ಹಿಂದಿನ ಚುಕ್ಕೆಗೆ ಗೆರೆ ಎಳಿ. ಹೆಂಗೈತೆ?"

"ಮಲಗೈತೆ."

"ಮಲಗಬಾರ್ದು, ಏರ್ಬೇಕು. ಇದು ನಿಂಗೆ ಕೊಟ್ಟ ಮಾರ್ಕ್ಸ್ ಅಲ್ಲ ಕಣವ್ವ, ಕೂಸು ನಡ್ಕಂಡು ಬಂದಿರೋ ದಾರಿ. ಈ ತಿಂಗಳು ಏನಾರ ಕಾಯಿಲೆ ಆಗಿತ್ತಾ?"

ಆಗಿತ್ತು. ಐದು ದಿನ ಭೇದಿ. ಆಗಿನಿಂದ ತೆಳ್ಳನೆಯ ರಾಗಿ ಗಂಜಿ, ದಿನಕ್ಕೆ ಎರಡು ಸಲ. ಮನೆಯಲ್ಲಿ ರೇಷ್ಮೆ ಹುಳ ಇದ್ದದ್ದರಿಂದ ಪುರುಸೊತ್ತಿಲ್ಲ.

"ಮರಿ ಹುಳಕ್ಕೆ ಎಂಗೆ ಹಾಕ್ತೀಯ ಸೊಪ್ಪ?" ಕೇಳಿದ್ದು ಅಜ್ಜಿ. "ಎಳೇದು ನೋಡಿ, ಸಣ್ಣಕೆ ಹೆಚ್ಚಿ, ಹೊತ್ತೊತ್ತಿಗೆ. ಒಂದೇ ಸಲ ರಾಶಿ ಹಾಕ್ಬುಟ್ರೆ ತಿಂತದಾ?"

ಕಾರ್ಯಕರ್ತೆ ಅಜ್ಜಿಯನ್ನೇ ನೋಡಿದರು. ನಾನು ಪೆನ್ನಿಗಾಗಿ ಜೇಬು ತಡಕಿದೆ. ವಾರಗಟ್ಟಲೆ ನಾನು ಹುಡುಕಿದ ಮಾತು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿತ್ತು!

ಎದ್ದೇಳುವ ಮುಂಚೆ ತಾಯಿಯೇ ಒಪ್ಪಿಕೊಂಡದ್ದು ಇಷ್ಟು: ಎದೆಹಾಲು ಬಿಡಿಸುವುದಿಲ್ಲ, ಗಂಜಿಯನ್ನು ಚಮಚದಿಂದ ಜಾರದಷ್ಟು ಗಟ್ಟಿ ಮಾಡಿ ಒಂದು ಚಮಚ ಎಣ್ಣೆ ಬೆರೆಸುತ್ತಾಳೆ, ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಮೊಟ್ಟೆಯೋ ಬಾಳೆಹಣ್ಣೋ. ನಡುವಿನದು ಅಜ್ಜಿಯ ಪಾಲಿನ ಕೆಲಸ. ಮಗುವನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸುವುದು ಆ ವಾರವೇ.

ಹದಿನೆಂಟನೆಯ ತಿಂಗಳು ನಾನು ಮತ್ತೆ ಹೋದೆ. ಮಗು ಬರಿಮೈಯಲ್ಲಿ ತಕ್ಕಡಿಯ ಮೇಲೆ ಕೂತು ಅರಚುತ್ತಿತ್ತು. ಏಳು ಕೆಜಿ ಏಳುನೂರು. ಚುಕ್ಕೆ ಇನ್ನೂ ಹಳದಿಯಲ್ಲೇ. ಗೆರೆ ಎಳೆದದ್ದು ತಾಯಿ, ಯಾರೂ ಬೆರಳು ಹಿಡಿಯಲಿಲ್ಲ. ಎಳೆದು, ಪಟ್ಟಿಯನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು.

"ನೋಡಿ ಅತ್ತೆ, ಎದ್ದೈತೆ."