ಆಯ್ತಕ್ಕನ ಮೊದಲ ‘ಆಗೋದಿಲ್ಲ’

ಹಳೇಬೀಡಿನ ಬಸ್ ಸ್ಟ್ಯಾಂಡಿನಿಂದ ಬಸ್ತಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಸಣ್ಣ ಅಂಗಡಿಗಳಿವೆ, ನಡುವೆ ಒಂದೇ ಗೋಡೆ. ಲೈನಿಂಗ್ ಬಟ್ಟೆ, ಫಾಲ್, ದಾರ, ಹುಕ್ಕು ಮಾರುವ ಮ್ಯಾಚಿಂಗ್ ಸೆಂಟರ್ ನನ್ನದು. ಪಕ್ಕದ ಹೊಲಿಗೆ ಅಂಗಡಿ ನಮ್ಮ ಅಣ್ಣನ ಹೆಂಡತಿ ದ್ರಾಕ್ಷಾಯಣಿಯದು. ವಯಸ್ಸಿನಲ್ಲಿ ನನಗಿಂತ ಎರಡು ತಿಂಗಳು ಚಿಕ್ಕವಳು, ವರಸೆಯಲ್ಲಿ ಅತ್ತಿಗೆ. ಹೀಗಾಗಿ ನಾನು ಅವಳನ್ನು ಬೈಯುವುದಿದ್ದರೂ ‘ಅತ್ತಿಗೆ’ ಎಂದೇ ಶುರುಮಾಡಬೇಕು.

ಬೈಯುವುದಕ್ಕೆ ಕಾರಣಗಳಿಗೇನೂ ಬರವಿರಲಿಲ್ಲ. ಕೆಲಸದಲ್ಲಿ ಅವಳನ್ನು ಹಿಡಿಯುವವರಿಲ್ಲ. ಅವಳು ಹೊಲಿದ ಬ್ಲೌಸ್ ಹಾಕಿಕೊಂಡು ಕೈ ಎತ್ತಿದರೂ ಭುಜ ಎಳೆಯುವುದಿಲ್ಲ, ಬಗ್ಗಿದರೂ ಬೆನ್ನು ಬಿಗಿಯುವುದಿಲ್ಲ. ಆದರೆ ಬಾಯಿ ಮಾತ್ರ ಕೈಗೆ ತದ್ವಿರುದ್ಧ. ಯಾರು ಏನು ಕೇಳಿದರೂ ಆ ಬಾಯಿಂದ ಬರುತ್ತಿದ್ದುದು ‘ಆಯ್ತಕ್ಕ’ ಒಂದೇ. ಬ್ಲೌಸ್ ಹೊಲಿಸಲು ಬಂದವರು ಜೊತೆಗೆ ಸೊಳ್ಳೆ ಪರದೆ ತರುತ್ತಿದ್ದರು, ದಿಂಬಿನ ಚೀಲ ತರುತ್ತಿದ್ದರು. ಒಬ್ಬ ಮಹಾಶಯ ಹೆಂಡತಿಯ ಲಂಗದ ಜೊತೆ ಟ್ರ್ಯಾಕ್ಟರ್ ಸೀಟಿನ ಕವರನ್ನೂ ತಂದಿದ್ದ. ಅದಕ್ಕೂ ‘ಆಯ್ತಣ್ಣ’. ಊರೆಲ್ಲ ಅವಳಿಗೆ ಆಯ್ತಕ್ಕ ಎಂದೇ ಹೆಸರಿಟ್ಟಿತ್ತು. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಅಂತ ಸುಮ್ಮನೆ ಹೇಳುತ್ತಾರೆಯೇ?

ಅವಳ ವ್ಯವಹಾರದಲ್ಲಿ ಒಂದು ಕ್ರಮ ಇಲ್ಲದಿರಲಿಲ್ಲ. ಬಟ್ಟೆ ತೆಗೆದುಕೊಳ್ಳುವಾಗ ಅದರ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಒಂದು ಪುಸ್ತಕದ ಹಾಳೆಗೆ ಪಿನ್ನು ಹೊಡೆಯುತ್ತಾಳೆ. ಪಕ್ಕದಲ್ಲಿ ಕತ್ತು ಯಾವುದು, ತೋಳು ಎಷ್ಟು, ಕೊಡುವುದು ಯಾವತ್ತು ಎಂದು ಬರೆದು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಬಟ್ಟೆ ತಂದವರು ಹೂಂ ಎಂದ ಮೇಲೆಯೇ ಪುಸ್ತಕ ಮುಚ್ಚುವುದು. ಒಳ್ಳೆಯ ಪದ್ಧತಿಯೇ. ಆದರೆ ಪುಸ್ತಕ ಮುಚ್ಚಿದ ಮೇಲೆ ಬಂದ ಸೊಳ್ಳೆ ಪರದೆಗೂ ಆಯ್ತು ಎಂದರೆ ಪುಸ್ತಕ ಏನು ಮಾಡೀತು? ಹೊಸದು ಮುಂದಕ್ಕೆ ಬಂದಾಗ ಹಳೆಯದು ಯಾವುದಾದರೂ ಹಿಂದಕ್ಕೆ ಹೋಗಲೇಬೇಕು. ಹಿಂದಕ್ಕೆ ಹೋಗುತ್ತಿದ್ದುದು ಜಗಳ ಆಡದವರ ಬಟ್ಟೆ.

ಮಾದಿಹಳ್ಳಿಯ ಭಾಗಮ್ಮ ಅಂಥವರಲ್ಲೊಬ್ಬರು. ಎರಡು ಹಸು ಕಟ್ಟಿಕೊಂಡು ಊರಿನ ಹಾಲಿನ ಸಂಘಕ್ಕೆ ಹಾಲು ಹಾಕುವ ಹೆಂಗಸು. ಒಂದು ಸಲ ಸಂಕ್ರಾಂತಿಗೆಂದು ಕೊಟ್ಟ ರವಿಕೆ ಶಿವರಾತ್ರಿಗೆ ಸಿಕ್ಕಿತ್ತು. ಇನ್ನೊಂದು ಸಲ ಮಗನ ಮದುವೆಗೆ ಕೊಟ್ಟದ್ದು ಮದುವೆಯಾದ ವಾರಕ್ಕೆ ಸಿಕ್ಕಿತು. ಆಗಲೂ ಆಯಮ್ಮ ಸಿಟ್ಟಾಗದೆ, ಮದುವೆಯಲ್ಲಿ ನನ್ನನ್ನು ಯಾರು ನೋಡ್ತಾರೆ ಬಿಡವ್ವ ಎಂದು ನಗುತ್ತಾ ಬಸ್ಸು ಹತ್ತಿದರು. ಅವತ್ತು ನಮ್ಮ ಅತ್ತಿಗೆಗೆ ಊಟ ಸೇರಲಿಲ್ಲ. ನಾನು ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಮರುದಿನದಿಂದ ನಾನೇ ಗುರುವಾದೆ. ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದಾಗ ಅವಳಿಗೆ ‘ಆಗೋದಿಲ್ಲ’ ಎನ್ನುವುದನ್ನು ಕಲಿಸುವ ಪಾಠ. ನಾನು ಗಿರಾಕಿಯಾಗಿ ಸೊಂಟಕ್ಕೆ ಕೈ ಇಟ್ಟುಕೊಂಡು ಬಂದು, ಇದೊಂದು ಪರದೆ ಹೊಲಿದುಕೊಡೇ ಎನ್ನುವುದು. ಅವಳು ಎರಡು ಸಲ ಗಂಟಲು ಸರಿಮಾಡಿಕೊಂಡು, ನೆಲ ನೋಡಿ, ಕೊನೆಗೆ ಆಯ್ತು ಎನ್ನುವುದು. ನಾಟಕದಲ್ಲೂ ಒಪ್ಪಿಕೊಳ್ಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ವೈಶಾಖದಲ್ಲಿ ನಿಜವಾದ ಪರೀಕ್ಷೆ ಬಂತು. ಅದೂ ಅನುಸೂಯಮ್ಮನವರ ರೂಪದಲ್ಲಿ. ಅರಸೀಕೆರೆಯ ಕೊಬ್ಬರಿ ಮಂಡಿ ಚಿದಂಬರ ಅವರ ಹೆಂಡತಿ, ತವರು ನಮ್ಮೂರೇ. ಮಗಳ ಮದುವೆಗೆ ಏಳು ಬ್ಲೌಸ್ ಕೊಟ್ಟಿದ್ದರು. ಏಳು ಚೂರು ಪುಸ್ತಕ ಸೇರಿತ್ತು, ಬುಧವಾರ ಮಧ್ಯಾಹ್ನ ಕೊಡುವುದು, ಭಾನುವಾರ ಮದುವೆ. ಅರಸೀಕೆರೆಯಿಂದ ನಮ್ಮ ಅತ್ತಿಗೆಯನ್ನು ಹುಡುಕಿಕೊಂಡು ಬರುವ ಮದುವೆ ಮನೆಯವರೆಲ್ಲ ಇವರ ಬಾಯಿಮಾತಿನಿಂದ ಬರುವವರು. ಇವರು ಮುಖ ತಿರುಗಿಸಿದರೆ ಅತ್ತಿಗೆಯ ಅರ್ಧ ವರ್ಷದ ಕೆಲಸ ಹೋದಂತೆ.

ಸೋಮವಾರ ಹನ್ನೊಂದು ಗಂಟೆಗೆ ಅವರ ಕಾರು ಬಂದು ನಿಂತಿತು. ಏಳರಲ್ಲಿ ಐದು ಮುಗಿದಿದ್ದವು, ಎರಡಕ್ಕೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಅನುಸೂಯಮ್ಮ ಒಂದು ಬಿಗ್ ಶಾಪರ್ ತಂದು ಮೇಜಿನ ಮೇಲೆ ಸುರಿದರು. ವಾರಗಿತ್ತಿಯರಿಗೆ ಮೂರು ಹೊಸ ಬ್ಲೌಸ್ ಪೀಸ್. ತಮ್ಮವೇ ಒಂಬತ್ತು ಹಳೆಯ ಬ್ಲೌಸು, ಎಲ್ಲಕ್ಕೂ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕು. ಮೇಲೆ ಬೀಗಿತ್ತಿಗೆ ಒಂದು ರೇಷ್ಮೆ ಬ್ಲೌಸ್. ಅದಕ್ಕೆ ಅಳತೆ? ಮೊಬೈಲ್ ತೆಗೆದು ನಿಶ್ಚಿತಾರ್ಥದ ಫೋಟೊ ತೋರಿಸಿದರು. ಅದರಲ್ಲಿ ಬೀಗಿತ್ತಿ ಮೈತುಂಬ ಸೆರಗು ಹೊದ್ದು ಹೋಳಿಗೆ ತಿನ್ನುತ್ತಾ ಕೂತಿದ್ದರು.

ನಾನು ನನ್ನ ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತೆ. ಅತ್ತಿಗೆ ಗಂಟಲು ಸರಿಮಾಡಿಕೊಂಡಳು. ಒಂದು ಸಲ, ಎರಡು ಸಲ. ಮುಗಿಯಿತು ಕಥೆ ಎಂದುಕೊಂಡೆ. ಅವಳು ಎದ್ದು ಅನುಸೂಯಮ್ಮನವರಿಗೆ ಕುರ್ಚಿ ಎಳೆದು, ನೀರು ಕೊಟ್ಟು, ಪುಸ್ತಕ ತೆಗೆದು ಅವರ ಮುಂದೆ ಬಿಚ್ಚಿಟ್ಟಳು.

“ಅನುಸೂಯಕ್ಕ, ಬೇಜಾರು ಮಾಡ್ಕೋಬೇಡಿ. ನಾನು ಒಪ್ಕೊಂಡಿದ್ದು ಈ ಏಳು. ಏಳೂ ಬುಧವಾರ ಮಧ್ಯಾಹ್ನ ನಿಮ್ಮ ಕೈಲಿರ್ತವೆ. ಇವು ಮಾತ್ರ ನನ್ನ ಕೈಲಿ ಆಗೋದಿಲ್ಲ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅನುಸೂಯಮ್ಮನವರೂ ನಂಬಲಿಲ್ಲವೆಂದು ಕಾಣುತ್ತದೆ, ನಕ್ಕುಬಿಟ್ಟರು. ಏಳು ಹೊಲಿಯುವವಳಿಗೆ ಇನ್ನು ಮೂರು ಭಾರವೇ ಎಂದರು. ಕೂಲಿ ಎರಡರಷ್ಟು ಎಂದರು. ಅದು ದುಡ್ಡಿನ ಮಾತಲ್ಲ ಅಕ್ಕ, ದಿನದ ಮಾತು ಎಂದಳು ಇವಳು. ಸುಮ್ಮನೆ ಇಲ್ಲ ಎಂದು ಕೈ ತೊಳೆದುಕೊಳ್ಳಲೂ ಇಲ್ಲ. ಸಡಿಲ ಮಾಡುವ ಒಂಬತ್ತನ್ನು ಬಸ್ ಸ್ಟ್ಯಾಂಡಿನ ಟೈಲರ್ ಹನುಮಂತಯ್ಯನವರಿಗೆ ಕೊಟ್ಟರೆ ನಾಳಿದ್ದು ಕೊಡುತ್ತಾರೆ, ಬೇಕಾದರೆ ಈಗಲೇ ಫೋನ್ ಮಾಡಿ ಕೇಳುತ್ತೇನೆ ಎಂದಳು. ವಾರಗಿತ್ತಿಯರ ಮೂರು ಮದುವೆಗೇ ಬೇಕೆಂದರೆ ಕತ್ತರಿ ಬೀಳದ ಎರಡರಲ್ಲಿ ಒಂದನ್ನು ಬಿಟ್ಟು ಅದರ ಜಾಗಕ್ಕೆ ಒಂದನ್ನು ಹಾಕಬಹುದು, ಉಳಿದವು ಮದುವೆಯಾದ ಮೇಲೆ. ಬೀಗಿತ್ತಿಯವರದನ್ನು ಅಳತೆ ಬ್ಲೌಸ್ ಇಲ್ಲದೆ ಮುಟ್ಟುವುದೇ ಇಲ್ಲ. ಫೋಟೊ ನೋಡಿ ಹೊಲಿದರೆ ಮದುವೆಯ ದಿನ ಅವರ ತೋಳು ಸಿಕ್ಕಿಕೊಂಡು ನಿಮ್ಮ ಮಗಳ ಸಂಸಾರ ಜಗಳದಿಂದ ಶುರುವಾಗುತ್ತದೆ ಎಂದಳು. ಇದನ್ನು ನಾನು ಕಲಿಸಿರಲಿಲ್ಲ.

ಅನುಸೂಯಮ್ಮ ಕತ್ತರಿ ಬೀಳದ ಆ ಎರಡು ಬಟ್ಟೆಯನ್ನೂ ಕೈಗೆತ್ತಿಕೊಂಡರು. ಒಂದು ಆರತಕ್ಷತೆಗೆ, ಒಂದು ಬೀಗರೂಟಕ್ಕೆ. ಇದನ್ನು ಇಟ್ಟು ಅದನ್ನು ಎತ್ತಿದರು, ಅದನ್ನು ಇಟ್ಟು ಇದನ್ನು ಎತ್ತಿದರು. ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮೊಳೆಗೆ ನೇತು ಹಾಕಿದ್ದ ಒಂದು ಹಸಿರು ಕಾಟನ್ ಪೀಸ್ ಕಣ್ಣಿಗೆ ಬಿತ್ತು.

“ಇದ್ಯಾರದೇ? ಇದನ್ನ ಮುಂದಿನ ವಾರ ಕೊಟ್ರಾಯ್ತಪ್ಪ.”

ಅದು ಭಾಗಮ್ಮನದು. ಈ ವರ್ಷ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕಿದ್ದಕ್ಕೆ ಗುರುವಾರ ಸಂಘದವರು ಅವರಿಗೆ ಶಾಲು ಹೊದಿಸುವವರಿದ್ದರು. ಬುಧವಾರ ಕೊಡುತ್ತೇನೆಂದು ಇವಳು ಮಾತು ಕೊಟ್ಟಿದ್ದಳು.

“ಅವರದನ್ನ ಎರಡು ಸಲ ಹಿಂದಕ್ಕೆ ಹಾಕಿದೀನಿ ಅಕ್ಕ,” ಎಂದಳು ಅತ್ತಿಗೆ. “ಮೂರನೇ ಸಲ ಹಾಕಲ್ಲ.”

ದನಿ ಏರಲಿಲ್ಲ, ಮುಖದ ನಗು ಹೋಗಲಿಲ್ಲ. ಆದರೆ ಅನುಸೂಯಮ್ಮನವರ ಮುಖ ಗಂಟಾಯಿತು. ತವರೂರಿನವಳು ಅಂತ ಬಂದೆ, ಹೊರಗಿನವಳನ್ನು ಮಾಡಿಬಿಟ್ಟೆಯಲ್ಲ ಎಂದು ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದರು. ಪಾಠ ಹೇಳಿದವಳು ನಾನು, ಗಿರಾಕಿ ಕಳೆದುಕೊಳ್ಳುವವಳು ಅವಳು.

ಆಗ ನಾನು ಮಾಡಿದ ಕೆಲಸ ಜಾಣತನದ್ದು ಎಂದು ಹೇಳಿಕೊಳ್ಳಲು ಆಸೆ. ಆದರೆ ಸತ್ಯ ಬೇರೆ. ಅದೇ ಮದುವೆಗೆ ಹೋಗಬೇಕಿದ್ದ ನನ್ನ ನೇರಳೆ ಬ್ಲೌಸಿನ ತೋಳು ಬಿಗಿಯಾಗಿತ್ತು, ಬೆಳಿಗ್ಗೆಯಿಂದ ಕಂಕುಳಲ್ಲಿ ಇಟ್ಟುಕೊಂಡು ಹೊತ್ತು ನೋಡುತ್ತಿದ್ದೆ. ಅನುಸೂಯಮ್ಮ ಹೇಗೂ ಹೊರಟರು, ಮಾತು ಬದಲಾಗಲಿ ಎಂದು ಬಾಯಿ ತೆರೆದೇಬಿಟ್ಟೆ. ಅತ್ತಿಗೆ, ಎರಡೇ ಹೊಲಿಗೆ, ಇವತ್ತೇ ಬಿಚ್ಚಿ ಹಾಕಿಕೊಡು ಎಂದೆ.

“ಬೇಜಾರು ಮಾಡ್ಕೋಬೇಡ ಹೇಮಾ,” ಎಂದಳು, ಅದೇ ದನಿಯಲ್ಲಿ, ಅದೇ ನಗುವಿನಲ್ಲಿ. “ಬುಧವಾರದ ತನಕ ಆಗೋದಿಲ್ಲ. ಹನುಮಂತಯ್ಯನೋರ ಹತ್ರ ಕೊಡು. ಫೋನ್ ಮಾಡ್ಲಾ?”

ಸ್ವಂತ ನಾದಿನಿಗೆ! ಅವಳಿಗೆ ದಾರ, ಲೈನಿಂಗು ಸಾಲ ಕೊಡುವವಳಿಗೆ! ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಬಾಗಿಲಲ್ಲಿದ್ದ ಅನುಸೂಯಮ್ಮ ನನ್ನ ಮುಖ ನೋಡಿದರು. ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ತಡೆಯಲಾರದೆ ವಾಪಸು ಬಂದು ಕುರ್ಚಿಯಲ್ಲಿ ಕೂತು ನಕ್ಕರು. ತನಗೊಬ್ಬಳಿಗೇ ಇಲ್ಲ ಅಂದಿದ್ದಲ್ಲ ಎಂದು ಗೊತ್ತಾಗಿ ಮನಸ್ಸು ಹಗುರವಾಯಿತೇನೋ. ಹನುಮಂತಯ್ಯನವರಿಗೆ ಫೋನ್ ಹೋಯಿತು. ಒಂಬತ್ತು ಅವರದು, ಒಂದು ನನ್ನದು, ಒಂದೇ ಚೀಲದಲ್ಲಿ ಬಸ್ ಸ್ಟ್ಯಾಂಡಿಗೆ ಹೋದವು. ವಾರಗಿತ್ತಿಯರ ಮೂರೂ ಬೀಗಿತ್ತಿಯವರದೂ ಮದುವೆಯಾದ ಮೇಲೆ ಎಂದು ಕಾರಿಗೆ ವಾಪಸಾದವು. ನಾನು ಮಾತ್ರ ಸಂಜೆಯವರೆಗೆ ಗೋಡೆಯ ಈಚೆಯಿಂದ ಅವಳ ಜೊತೆ ಮಾತಾಡಲಿಲ್ಲ.

ಬುಧವಾರ ಹನ್ನೆರಡು ಗಂಟೆಗೆ ಅನುಸೂಯಮ್ಮ ಏಳನ್ನೂ ಒಂದೊಂದಾಗಿ ತಿರುಗಿಸಿ ನೋಡುತ್ತಾ ಕೂತಿದ್ದಾಗ ಮಾದಿಹಳ್ಳಿ ಕಡೆಯ ಬಸ್ಸು ಬಂತು. ಭಾಗಮ್ಮ ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು. ಮೈಮೇಲಿದ್ದ ಹಳೆಯ ರವಿಕೆಯ ಮೇಲಿನ ಹುಕ್ಕು ಹೋಗಿ ಅಲ್ಲೊಂದು ಸೇಫ್ಟಿ ಪಿನ್ನಿತ್ತು.

“ಆಗ್ದಿದ್ರೂ ಚಿಂತಿಲ್ಲ ಕಣವ್ವ,” ಎಂದರು ಮೊದಲೇ. “ಇದ್ನೇ ಸಂಜೆ ಒಗ್ದು ಹಾಕ್ಕಂತೀನಿ. ಯಾರು ನೋಡ್ತಾರೆ.”

ಅತ್ತಿಗೆ ಇಸ್ತ್ರಿ ಮಾಡಿದ ಹಸಿರು ರವಿಕೆಯನ್ನು ಅವರ ಕೈಗಿಟ್ಟಳು. ಭಾಗಮ್ಮ ಅದನ್ನು ನೋಡಿದರು, ಇವಳನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದವರು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೆಂದರೆ, ನಾನು ಕಣ್ಣು ಒರೆಸಿಕೊಳ್ಳಲು ಅಂಗಡಿಗೆ ಹೋಗಿ ಬಂದರೂ ಅಲ್ಲೇ ಇದ್ದರು. ಆಮೇಲೆ ಧೈರ್ಯ ಬಂದಿರಬೇಕು. ಕಳಚಿದ ಹಳೆಯದನ್ನು ಮುಂದೆ ಹಿಡಿದು, ಇದಕ್ಕೊಂದು ಹುಕ್ಕು ಹಾಕಿಕೊಡುತ್ತೀಯೇನವ್ವ, ಸಗಣಿ ಬಾಚೋಕೆ ಆಯ್ತದೆ ಎಂದರು.

ಅತ್ತಿಗೆಯ ಮುಂದೆ ಎರಡು ಗಂಟೆಗೆ ಕೊಡಬೇಕಿದ್ದ ಇನ್ನೊಬ್ಬರ ಬಟ್ಟೆ ಮೆಷಿನ್ನಿನ ಸೂಜಿಯಡಿ ಇತ್ತು. ಅವಳು ಗಂಟಲು ಸರಿಮಾಡಿಕೊಂಡಳು.

“ಬೇಜಾರು ಮಾಡ್ಕೋಬೇಡ ಭಾಗಮ್ಮ, ಇವತ್ತು...”

“ಗೊತ್ತು ಬಿಡೇ, ಆಗೋದಿಲ್ಲ,” ಎಂದರು ಅನುಸೂಯಮ್ಮ, ಚಿನ್ನದ ಬಳೆಗಳನ್ನು ಮೊಣಕೈಗೆ ಏರಿಸುತ್ತಾ. “ಒಂದು ಕೈಸೂಜಿ ಇಲ್ಲಿ ಕೊಡು. ಭಾಗಮ್ಮ, ಬಾ, ಕೂತ್ಕೋ.”

ನನ್ನ ಅಂಗಡಿಯಿಂದ ಹುಕ್ಕು ತಂದುಕೊಟ್ಟೆ. ಮಂಡಿ ಸಾಹುಕಾರರ ಹೆಂಡತಿ ಸೂಜಿಗೆ ದಾರ ಏರಿಸಲು ನಾಲ್ಕು ಸಲ ಒದ್ದಾಡಿದರು, ಬೆರಳಿಗೆ ಎರಡು ಸಲ ಚುಚ್ಚಿಕೊಂಡರು, ಆದರೆ ಹುಕ್ಕು ಹಾಕಿಯೇ ಎದ್ದರು. ಸಾಕಷ್ಟು ಸೊಟ್ಟಗಿತ್ತು. ಅತ್ತಿಗೆ ಓರೆಗಣ್ಣಿನಿಂದ ಒಂದು ಸಲ ನೋಡಿ ತನ್ನ ಮೆಷಿನ್ ತುಳಿಯತೊಡಗಿದಳು. ಸೊಟ್ಟ ಹುಕ್ಕು ಸರಿಮಾಡುವುದು ಅವಳು ಒಪ್ಪಿಕೊಂಡ ಕೆಲಸವಾಗಿರಲಿಲ್ಲ.